ಸ್ಕೈರಿಮ್ ಮಾಡ್‌ಗಳ ಸುರಕ್ಷಿತ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಯಾವ ಆಟಕ್ಕೆ ಅನ್ವಯಿಸುತ್ತವೆ?

ವಿಂಡೋಸ್ ಕಂಪ್ಯೂಟರಿನಲ್ಲಿ, ಸ್ಟೀಮ್ ಮೂಲಕ ಖರೀದಿಸಿದ ಸ್ಕೈರಿಮ್ ಸ್ಪೆಷಲ್ ಎಡಿಶನ್ ಆಟವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. 2016ರಲ್ಲಿ ಬಿಡುಗಡೆಯಾದ ಈ ಆವೃತ್ತಿಗೆ ಮಾಡ್‌ಗಳ, ಅಂದರೆ ಆಟವನ್ನು ಬದಲಿಸಲು ಇತರರು ತಯಾರಿಸಿದ ಸೇರ್ಪಡೆಗಳ ಸಂಖ್ಯೆ ಅಪಾರ, ಅಪ್‌ಡೇಟ್‌ಗಳಿಂದ ಅವು ಮುರಿದುಬಿದ್ದ ಇತಿಹಾಸವೂ ಅಷ್ಟೇ ದೀರ್ಘ. ಖಾತೆಯ ಅಪಾಯಗಳ ಭಾಗಕ್ಕೆ ಬಂದಾಗ ಮಾತ್ರ ಜಿಟಿಎ 5 ಮತ್ತು ಮೈನ್‌ಕ್ರಾಫ್ಟ್ ಆಟಗಳ ಪ್ರಸ್ತಾಪ ಬರುತ್ತದೆ, ಏಕೆಂದರೆ ಸ್ಕೈರಿಮ್‌ನಲ್ಲಿ ಇಲ್ಲದ ಕೆಲವು ಅಪಾಯಗಳು ಅಲ್ಲಿವೆ.

ಆಟವನ್ನು ಯಾವ ಫೋಲ್ಡರ್‌ನಲ್ಲಿ ಇಟ್ಟರೆ ಒಳ್ಳೆಯದು?

ಸ್ಟೀಮ್ ತಾನಾಗಿಯೇ ಆರಿಸಿಕೊಳ್ಳುವ `C:\Program Files (x86)` ಒಳಗೆ ಇಡದಿರುವುದು ಒಳ್ಳೆಯದು. ಆ ಫೋಲ್ಡರ್‌ಗೆ ವಿಂಡೋಸ್ ವಿಶೇಷ ರಕ್ಷಣೆ ಕೊಟ್ಟಿರುವುದರಿಂದ, ಮಾಡ್‌ಗಳಿಗೆ ಬಳಸುವ ಉಪಕರಣಗಳು ಅಲ್ಲಿ ಫೈಲ್ ಬರೆಯಲು ಹೋದಾಗ ಕೆಲವೊಮ್ಮೆ ಅನುಮತಿ ಸಿಗದೆ ಸದ್ದಿಲ್ಲದೆ ವಿಫಲವಾಗುತ್ತವೆ. ಬೇಸತ್ತ ಬಳಕೆದಾರರು ಎಲ್ಲ ಉಪಕರಣಗಳನ್ನೂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಸಲು ಆರಂಭಿಸುತ್ತಾರೆ. ಅಪರಿಚಿತರು ಬರೆದ ಪ್ರೋಗ್ರಾಂಗಳಿಗೆ ಇಡೀ ಕಂಪ್ಯೂಟರಿನ ಅಧಿಕಾರವನ್ನು ಬಿಟ್ಟುಕೊಟ್ಟಂತಾಗುವ ಈ ಅಭ್ಯಾಸವೇ ಮೂಲ ತೊಂದರೆಗಿಂತ ಹೆಚ್ಚು ಅಪಾಯಕಾರಿ. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಭಾಗಕ್ಕೆ ಹೋಗಿ, ಇನ್ನೊಂದು ಡ್ರೈವ್‌ನಲ್ಲಿ ಹೊಸ ಲೈಬ್ರರಿ ಫೋಲ್ಡರ್ ರಚಿಸಿ ಆಟವನ್ನು ಅಲ್ಲಿಗೆ ಸ್ಥಳಾಂತರಿಸಿದರೆ ಈ ಸಮಸ್ಯೆಯೇ ಉದ್ಭವಿಸುವುದಿಲ್ಲ.

ಮಾಡ್‌ಗಳನ್ನು ನೇರವಾಗಿ `Data` ಫೋಲ್ಡರ್‌ಗೆ ನಕಲಿಸಿದರೆ ಸಾಲದೇ? ಮಾಡ್ ಮ್ಯಾನೇಜರ್ ಏಕೆ ಬೇಕು?

ಒಂದೆರಡು ಮಾಡ್‌ಗಳಾದರೆ ನಡೆದೀತು. ಆದರೆ ಎರಡು ಮಾಡ್‌ಗಳಲ್ಲಿ ಒಂದೇ ಹೆಸರಿನ ಫೈಲ್ ಇದ್ದಾಗ ಎರಡನೆಯದು ಮೊದಲನೆಯದನ್ನು ಅಳಿಸಿ ಕುಳಿತುಕೊಳ್ಳುತ್ತದೆ, ಮತ್ತು ಎರಡನೆಯದನ್ನು ನೀವು ತೆಗೆದುಹಾಕಿದಾಗ ಮೊದಲನೆಯದು ಮರಳಿ ಬರುವುದಿಲ್ಲ. ಯಾವ ಫೈಲ್ ಯಾವ ಮಾಡ್‌ನಿಂದ ಬಂತೆಂದು ತಿಳಿಯಲು ಆಮೇಲೆ ದಾರಿಯೇ ಇರುವುದಿಲ್ಲ.

ಸ್ಕೈರಿಮ್‌ಗೆ ಹೆಚ್ಚು ಬಳಕೆಯಲ್ಲಿರುವ ಎರಡು ಮ್ಯಾನೇಜರ್‌ಗಳು ಮಾಡ್ ಆರ್ಗನೈಸರ್ 2 ಮತ್ತು ವೋರ್ಟೆಕ್ಸ್. ಇವೆರಡೂ ಕೆಲಸ ಮಾಡುವ ಬಗೆ ಮೂಲದಲ್ಲಿಯೇ ಬೇರೆ. ಮಾಡ್ ಆರ್ಗನೈಸರ್ ಪ್ರತಿಯೊಂದು ಮಾಡ್ ಅನ್ನೂ ತನ್ನದೇ `mods` ಫೋಲ್ಡರ್‌ನೊಳಗೆ ಪ್ರತ್ಯೇಕವಾಗಿ ಇಟ್ಟುಕೊಂಡು, ಆಟ ನಡೆಯುವಷ್ಟು ಹೊತ್ತು ಮಾತ್ರ ಆ ಫೈಲ್‌ಗಳೆಲ್ಲ `Data` ಒಳಗೇ ಇವೆಯೆಂಬ ಭ್ರಮೆಯನ್ನು ಆಟಕ್ಕೆ ಉಂಟುಮಾಡುತ್ತದೆ. ಆಟ ಮುಗಿದ ಮೇಲೆ ನೋಡಿದರೆ `Data` ಫೋಲ್ಡರ್ ಹಿಂದಿನಷ್ಟೇ ಶುದ್ಧ. ವೋರ್ಟೆಕ್ಸ್ ಹಾಗಲ್ಲ, ಅದು ಸಾಮಾನ್ಯವಾಗಿ ಹಾರ್ಡ್ ಲಿಂಕ್ ವಿಧಾನದಿಂದ ಮಾಡ್ ಫೈಲ್‌ಗಳನ್ನು ನಿಜವಾಗಿಯೂ `Data` ಒಳಗೆ ತೋರುವಂತೆ ಜೋಡಿಸುತ್ತದೆ. ಎರಡೂ ಉಪಯುಕ್ತವೇ. ಆದರೆ ಅಪ್‌ಡೇಟ್ ಬಂದು ಏನೋ ಕೆಟ್ಟಾಗ, ತಪ್ಪು ಆಟದಲ್ಲಿದೆಯೋ ಮಾಡ್‌ನಲ್ಲಿದೆಯೋ ಎಂಬುದನ್ನು ಬೇಗ ಬೇರ್ಪಡಿಸಿ ನೋಡಲು ಮಾಡ್ ಆರ್ಗನೈಸರ್ ಹೆಚ್ಚು ಅನುಕೂಲಕರ ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳು ಅದನ್ನೇ ಆಧರಿಸಿವೆ.

ಒಂದು ಮಾಡ್ ಎಷ್ಟು ಜಾಗ ತಿನ್ನುತ್ತದೆಂದು ಮೊದಲೇ ಅಂದಾಜಿಸುವುದು ಹೇಗೆ?

ಜಾಗ ತಿನ್ನುವುದು ಬಹುಪಾಲು ಟೆಕ್ಸ್‌ಚರ್‌ಗಳು, ಅಂದರೆ ಕಲ್ಲು, ಮಣ್ಣು, ಉಡುಪು, ಮುಖ ಮುಂತಾದವುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು. ಹೊಸ ಕತೆ, ಹೊಸ ನಿಯಮ, ಹೊಸ ಮೆನು ಸೇರಿಸುವ ಮಾಡ್‌ಗಳು ಹಲವು ಬಾರಿ ಕೆಲವೇ ಎಂಬಿಯಲ್ಲಿ ಮುಗಿಯುತ್ತವೆ.

ಟೆಕ್ಸ್‌ಚರ್‌ನ ಗಾತ್ರವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 4ಕೆ ಎಂದು ಕರೆಯುವ ಚಿತ್ರದಲ್ಲಿ ಅಡ್ಡಕ್ಕೆ 4096, ಉದ್ದಕ್ಕೆ 4096 ಪಿಕ್ಸೆಲ್‌ಗಳಿರುತ್ತವೆ. ಸ್ಪೆಷಲ್ ಎಡಿಶನ್‌ನ ಮಾಡ್‌ಗಳಲ್ಲಿ ಸಾಮಾನ್ಯವಾಗಿರುವ ಬಿಸಿ7 ಎಂಬ ಸಂಕುಚನ ವಿಧಾನದಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಬೈಟ್ ಬೇಕಾಗುವುದರಿಂದ ಆ ಚಿತ್ರ 16 ಎಂಬಿ ಆಗುತ್ತದೆ. ದೂರದಿಂದ ನೋಡಿದಾಗ ಬಳಸಲು ಅದರೊಂದಿಗೇ ಇಟ್ಟಿರುವ ಚಿಕ್ಕ ಪ್ರತಿಗಳಿಗೆ ಇನ್ನೂ ಮೂರನೇ ಒಂದು ಭಾಗ ಸೇರಿ, ಒಟ್ಟು ಸುಮಾರು 21 ಎಂಬಿ. ಅದೇ ಚಿತ್ರ 2ಕೆ ಗಾತ್ರದಲ್ಲಿದ್ದರೆ ನಾಲ್ಕನೇ ಒಂದು ಭಾಗ, ಅಂದರೆ ಸುಮಾರು 5.3 ಎಂಬಿ ಮಾತ್ರ. ಬೆಟ್ಟ ಮತ್ತು ನೆಲದ ನೋಟವನ್ನು ಬದಲಿಸುವ ಒಂದು ಮಾಡ್‌ನಲ್ಲಿ ಇಂತಹ 300 ಚಿತ್ರಗಳಿವೆ ಎಂದುಕೊಳ್ಳಿ: 4ಕೆ ಆವೃತ್ತಿಗೆ 6 ಜಿಬಿಗಿಂತ ಹೆಚ್ಚು ಬೇಕು, 2ಕೆ ಆವೃತ್ತಿಗೆ ಒಂದೂವರೆ ಜಿಬಿ ಸುಮಾರಿಗೆ ಸಾಕು.

ಈ ಲೆಕ್ಕ ಡಿಸ್ಕ್‌ಗೆ ಮಾತ್ರ ಸೀಮಿತವಲ್ಲ. ಬಿಸಿ7 ಚಿತ್ರಗಳು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿಯೂ ಇದೇ ಗಾತ್ರದಲ್ಲಿ ಕೂರುತ್ತವೆ. ಆದ್ದರಿಂದ 6 ಅಥವಾ 8 ಜಿಬಿ ಮೆಮೊರಿಯ ಕಾರ್ಡ್ ಇರುವವರು ಎಲ್ಲದಕ್ಕೂ 4ಕೆ ಆರಿಸಿದರೆ, ಡಿಸ್ಕ್‌ನಲ್ಲಿ ಜಾಗವಿದ್ದರೂ ಊರೊಳಗೆ ಕಾಲಿಟ್ಟಾಗ ಆಟ ತಡವರಿಸತೊಡಗುತ್ತದೆ. 1080ಪಿ ಪರದೆಯಲ್ಲಿ ಆಡುವವರಿಗೆ ಒಂದು ಬಟ್ಟಲಿಗೋ ಬುಟ್ಟಿಗೋ 4ಕೆ ಚಿತ್ರ ಹೊದಿಸುವುದರಿಂದ ಕಣ್ಣಿಗೆ ಕಾಣುವ ಲಾಭವೇನೂ ಇಲ್ಲ. ಬೆಟ್ಟ, ರಸ್ತೆ, ಆಟಗಾರನ ಉಡುಪು ಇಂತಹ ದೊಡ್ಡ ಅಥವಾ ಹತ್ತಿರದಿಂದ ಕಾಣುವ ವಸ್ತುಗಳಿಗೆ ಮಾತ್ರ 4ಕೆ ಉಳಿಸಿಕೊಂಡು, ಮಿಕ್ಕವುಗಳಿಗೆ 2ಕೆ ಅಥವಾ 1ಕೆ ಆವೃತ್ತಿಯನ್ನು ಆರಿಸುವುದು ವಿವೇಕ.

ಮಾಡ್‌ಗಳ ಪುಟದಲ್ಲಿ ತೋರಿಸಿದ ಗಾತ್ರಕ್ಕಿಂತ ಡಿಸ್ಕ್‌ನಲ್ಲಿ ಹೆಚ್ಚು ಜಾಗ ಖರ್ಚಾಗುತ್ತಿದೆ. ಏಕೆ?

ಪುಟದಲ್ಲಿ ತೋರುವುದು ಸಂಕುಚಿತ ಕಡತದ ಗಾತ್ರ. ಬಿಚ್ಚಿದ ಮೇಲೆ ಅದು ಹಿಗ್ಗುತ್ತದೆ. ಅದರ ಜೊತೆಗೆ, ಡೌನ್‌ಲೋಡ್ ಆದ ಮೂಲ ಕಡತ ಮ್ಯಾನೇಜರ್‌ನ `downloads` ಫೋಲ್ಡರ್‌ನಲ್ಲಿ ಹಾಗೆಯೇ ಉಳಿದಿರುತ್ತದೆ. ಅಂದರೆ ಪ್ರತಿ ಮಾಡ್ ಎರಡು ಕಡೆ ಜಾಗ ಹಿಡಿದಿರುತ್ತದೆ. ಮೂರನೆಯದಾಗಿ, ದೂರದ ಮರಗಿಡಗಳ ಚಿತ್ರಗಳನ್ನು ತಯಾರಿಸುವ ಡಿನ್‌ಡಿಒಎಲ್‌ಒಡಿಯಂತಹ ಉಪಕರಣಗಳು ಹಲವು ಜಿಬಿ ಫೈಲ್‌ಗಳನ್ನು ತಾವೇ ಸೃಷ್ಟಿಸುತ್ತವೆ. ಇಂತಹ ಸೃಷ್ಟಿಗಳು ಮಾಡ್ ಆರ್ಗನೈಸರ್‌ನ `overwrite` ಫೋಲ್ಡರ್‌ಗೆ ಬಂದು ಬೀಳುವ ಸಂಭವವೂ ಇದೆ. ಅಲ್ಲಿ ಬಿದ್ದ ಹಳೆಯ ಫೈಲ್‌ಗಳು ಎಲ್ಲ ಮಾಡ್‌ಗಳನ್ನೂ ಮೀರಿ ಮೇಲುಗೈ ಪಡೆಯುವುದರಿಂದ ಆ ಫೋಲ್ಡರ್ ಅನ್ನು ಆಗಾಗ ನೋಡಿ, ಬೇಕಾದುದನ್ನು ಪ್ರತ್ಯೇಕ ಮಾಡ್ ಆಗಿ ಬದಲಿಸಿ, ಬೇಡವಾದುದನ್ನು ಅಳಿಸಬೇಕು.

ಹಾಗಾದರೆ `downloads` ಫೋಲ್ಡರ್ ಖಾಲಿ ಮಾಡಬಹುದೇ?

ಆಟಕ್ಕೆ ಅದರ ಅಗತ್ಯವಿಲ್ಲ, ಅಳಿಸಿದರೆ ಏನೂ ಮುರಿಯುವುದಿಲ್ಲ. ಆದರೆ ಎಲ್ಲವನ್ನೂ ಅಳಿಸುವ ಮೊದಲು ಒಂದು ವಿಷಯ ಯೋಚಿಸಿ: ನಿಮ್ಮ ಆಟದ ಆವೃತ್ತಿ ಹಳೆಯದಾಗಿದ್ದು, ಮಾಡ್‌ನ ಕರ್ತೃ ಈಗ ಹೊಸ ಆವೃತ್ತಿಗೆ ಮಾತ್ರ ಫೈಲ್ ಕೊಡುತ್ತಿದ್ದರೆ, ನಿಮಗೆ ಹೊಂದುವ ಹಳೆಯ ಫೈಲ್ ಇರುವುದು ಬಹುಶಃ ನಿಮ್ಮ ಆ ಫೋಲ್ಡರ್‌ನಲ್ಲಿಯೇ. ಎಸ್‌ಎಸ್‌ಡಿಯಲ್ಲಿ ಜಾಗ ಸಾಲದಿದ್ದರೆ ಮಾಡ್ ಆರ್ಗನೈಸರ್‌ನ ಸೆಟ್ಟಿಂಗ್ಸ್‌ನಲ್ಲಿ `Paths` ಭಾಗಕ್ಕೆ ಹೋಗಿ, ಡೌನ್‌ಲೋಡ್‌ಗಳ ಫೋಲ್ಡರ್ ಅನ್ನು ಮಾತ್ರ ಹಳೆಯ ಹಾರ್ಡ್ ಡಿಸ್ಕ್‌ಗೆ ಬದಲಿಸಬಹುದು. `mods` ಫೋಲ್ಡರ್ ಮಾತ್ರ ಎಸ್‌ಎಸ್‌ಡಿಯಲ್ಲಿಯೇ ಇರಲಿ. ಆಟದ ನಡುವೆ ಸಾವಿರಾರು ಚಿಕ್ಕ ಫೈಲ್‌ಗಳನ್ನು ಓದಬೇಕಾಗುವುದರಿಂದ ತಿರುಗುವ ಡಿಸ್ಕ್ ಅಲ್ಲಿ ಸೋಲುತ್ತದೆ.

ವೋರ್ಟೆಕ್ಸ್ ಬಳಸಿದಾಗ ಮಾಡ್‌ಗಳು ಎರಡು ಪಟ್ಟು ಜಾಗ ಹಿಡಿದಂತೆ ಕಾಣುತ್ತಿವೆ. ಇದು ನಿಜವೇ?

ನಿಜವಲ್ಲ. ಹಾರ್ಡ್ ಲಿಂಕ್ ಎಂದರೆ ಡಿಸ್ಕ್‌ನಲ್ಲಿ ಒಮ್ಮೆ ಮಾತ್ರ ಇರುವ ಫೈಲ್‌ಗೆ ಎರಡು ವಿಳಾಸಗಳು. ವಿಂಡೋಸ್ ಫೋಲ್ಡರ್‌ನ ಗಾತ್ರ ತೋರಿಸುವಾಗ ಎರಡೂ ಕಡೆ ಎಣಿಸಿಬಿಡುತ್ತದೆ, ಅಷ್ಟೆ. ಒಂದು ಫೈಲ್‌ಗೆ ಎಷ್ಟು ವಿಳಾಸಗಳಿವೆ ಎಂದು ನೋಡಬೇಕಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಬರೆಯಬಹುದು:

```
fsutil hardlink list "D:\Games\Skyrim\Data\example.esp"
```

ಇದರಿಂದ ಎರಡು ಪರಿಣಾಮಗಳಿವೆ. ಜಾಗ ಬಿಡಿಸಲೆಂದು ಒಂದು ಕಡೆಯ ಫೈಲ್ ಅನ್ನು ಕೈಯಿಂದ ಅಳಿಸಿದರೆ ಒಂದು ಬೈಟ್ ಕೂಡ ಬಿಡುಗಡೆಯಾಗುವುದಿಲ್ಲ, ಬದಲಿಗೆ ವೋರ್ಟೆಕ್ಸ್‌ನ ಲೆಕ್ಕ ಕೆಡುತ್ತದೆ. ಮತ್ತು ಈ ಜೋಡಣೆ ಒಂದೇ ಡ್ರೈವ್‌ನೊಳಗೆ, ಅದೂ ಎನ್‌ಟಿಎಫ್‌ಎಸ್ ವಿಧಾನದ ಡ್ರೈವ್‌ನಲ್ಲಿ ಮಾತ್ರ ಸಾಧ್ಯವಾದುದರಿಂದ, ವೋರ್ಟೆಕ್ಸ್ ಮಾಡ್‌ಗಳನ್ನು ಇಟ್ಟುಕೊಳ್ಳುವ ಫೋಲ್ಡರ್ ಆಟವಿರುವ ಡ್ರೈವ್‌ನಲ್ಲಿಯೇ ಇರಬೇಕು.

ಡಿಸ್ಕ್ ಬಹುತೇಕ ತುಂಬಿದೆ. ಆಟ ಮಧ್ಯದಲ್ಲೇ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇರಬಹುದು. ಭೌತಿಕ ಮೆಮೊರಿ ಸಾಲದಾದಾಗ ವಿಂಡೋಸ್ ಪೇಜ್ ಫೈಲ್ ಎಂಬ ಕಡತವನ್ನು ಡಿಸ್ಕ್‌ನಲ್ಲಿ ಬಳಸುತ್ತದೆ. ಅದು ಬೆಳೆಯಲು ಜಾಗವಿಲ್ಲದಿದ್ದರೆ ಭಾರಿ ಮಾಡ್‌ಗಳಿರುವ ಸ್ಕೈರಿಮ್ ಯಾವ ಸಂದೇಶವನ್ನೂ ಕೊಡದೆ ಡೆಸ್ಕ್‌ಟಾಪ್‌ಗೆ ಬಂದು ಬೀಳುತ್ತದೆ. ದೊಡ್ಡ ಮಾಡ್ ಪಟ್ಟಿಗಳ ಸೂಚನೆಗಳಲ್ಲಿ ಪೇಜ್ ಫೈಲ್‌ಗೆ ಕನಿಷ್ಠ 20 ಜಿಬಿ ಕೊಡುವಂತೆ ಹೇಳುವುದು ಇದೇ ಕಾರಣಕ್ಕೆ.

ಆಟ ಅಪ್‌ಡೇಟ್ ಆದ ಕೂಡಲೇ ಕೆಲವು ಮಾಡ್‌ಗಳು ಮಾತ್ರ ಏಕೆ ಕೆಡುತ್ತವೆ, ಉಳಿದವು ಏಕೆ ಸರಿಯಾಗಿಯೇ ಇರುತ್ತವೆ?

ಟೆಕ್ಸ್‌ಚರ್, ಮಾದರಿ, ಧ್ವನಿ ಇವೆಲ್ಲ ಆಟ ಓದಿಕೊಳ್ಳುವ ದತ್ತಾಂಶ ಮಾತ್ರ. ಆಟದ ಆವೃತ್ತಿ ಬದಲಾದರೂ ಇವುಗಳಿಗೆ ಧಕ್ಕೆಯಿಲ್ಲ. ಆದರೆ ಡಿಎಲ್‌ಎಲ್ ಫೈಲ್ ಇರುವ ಮಾಡ್‌ಗಳು ಬೇರೆ ಜಾತಿಯವು. ಇವು ಎಸ್‌ಕೆಎಸ್‌ಇ ಎಂಬ ಸ್ಕ್ರಿಪ್ಟ್ ವಿಸ್ತರಣೆಯ ಮೂಲಕ ಆಟದ ಮುಖ್ಯ ಪ್ರೋಗ್ರಾಂ ಆದ `SkyrimSE.exe` ಒಳಗೇ ಹೊಕ್ಕು, ಮೆಮೊರಿಯಲ್ಲಿ ಇಂತಿಂಥ ವಿಳಾಸದಲ್ಲಿ ಇಂತಿಂಥ ಕಾರ್ಯವಿದೆ ಎಂಬ ನಂಬಿಕೆಯ ಮೇಲೆ ಕೆಲಸ ಮಾಡುತ್ತವೆ. ಆ ಪ್ರೋಗ್ರಾಂ ಅನ್ನು ತಯಾರಕರು ಮರಳಿ ಕಂಪೈಲ್ ಮಾಡಿದ ಕ್ಷಣದಿಂದ ಎಲ್ಲ ವಿಳಾಸಗಳೂ ಸ್ಥಳ ಬದಲಿಸುತ್ತವೆ.

2021ರ ನವೆಂಬರ್‌ನಲ್ಲಿ ಆನಿವರ್ಸರಿ ಎಡಿಶನ್ ಜೊತೆಗೆ ಬಂದ ಅಪ್‌ಡೇಟ್ ಇದಕ್ಕೆ ಅತ್ಯಂತ ದೊಡ್ಡ ನಿದರ್ಶನ. 1.5.97 ಇದ್ದ ಆವೃತ್ತಿ 1.6 ಸರಣಿಗೆ ಬದಲಾಯಿತು, ತಯಾರಕರು ಹೊಸ ಕಂಪೈಲರ್ ಬಳಸಿದ್ದರು, ಹೀಗಾಗಿ ಡಿಎಲ್‌ಎಲ್ ಆಧಾರಿತ ಮಾಡ್‌ಗಳನ್ನೆಲ್ಲ ಅವುಗಳ ಕರ್ತೃಗಳು ಹೊಸದಾಗಿ ಸಿದ್ಧಪಡಿಸಬೇಕಾಯಿತು. ಹೊಸ ಹಣ ಕೊಟ್ಟು ಆನಿವರ್ಸರಿ ಎಡಿಶನ್ ಕೊಳ್ಳದವರಿಗೂ ಆ ಅಪ್‌ಡೇಟ್ ಬಂತು ಎಂಬುದನ್ನು ಹಲವರು ಇಂದಿಗೂ ಗಮನಿಸಿಲ್ಲ. ಎಡಿಶನ್‌ನ ಹೆಸರಿಗಿಂತ ಪ್ರೋಗ್ರಾಂನ ಆವೃತ್ತಿ ಸಂಖ್ಯೆಯನ್ನೇ ನೋಡಬೇಕು.

ನನ್ನ ಬಳಿ ಯಾವ ಆವೃತ್ತಿ ಇದೆಯೆಂದು ತಿಳಿಯುವುದು ಹೇಗೆ? ಯಾವುದಕ್ಕೆ ಯಾವ ಎಸ್‌ಕೆಎಸ್‌ಇ ಬೇಕು?

ಆಟದ ಫೋಲ್ಡರ್‌ನಲ್ಲಿ `SkyrimSE.exe` ಮೇಲೆ ಬಲ ಕ್ಲಿಕ್ ಮಾಡಿ, `Properties` ತೆರೆದು, `Details` ಭಾಗದಲ್ಲಿ ಫೈಲ್ ಆವೃತ್ತಿಯನ್ನು ಓದಿಕೊಳ್ಳಿ. ಸ್ಟೀಮ್ ಆವೃತ್ತಿಗಳಲ್ಲಿ 1.5.97ಕ್ಕೆ ಎಸ್‌ಕೆಎಸ್‌ಇ 2.0.20, 1.6.640ಕ್ಕೆ 2.2.3, 1.6.1170ಕ್ಕೆ 2.2.6 ಹೊಂದುತ್ತದೆ. ಜಿಒಜಿ ಎಂಬ ಇನ್ನೊಂದು ಮಾರಾಟ ತಾಣದಿಂದ ಕೊಂಡ ಆಟಕ್ಕೆ ಬೇರೆಯದೇ ಎಸ್‌ಕೆಎಸ್‌ಇ ಇದೆ. ಆಟದೊಳಗೆ ಕನ್ಸೋಲ್ ತೆರೆದು `GetSKSEVersion` ಎಂದು ಬರೆದರೆ ಅದು ಚಾಲನೆಯಲ್ಲಿದೆಯೇ ಎಂಬುದೂ ತಿಳಿಯುತ್ತದೆ.

ಇದರೊಂದಿಗೆ ಅಡ್ರೆಸ್ ಲೈಬ್ರರಿ ಎಂಬ ಮಾಡ್ ಕೂಡ ಆವೃತ್ತಿಗೆ ತಕ್ಕಂತೆ ಇರಬೇಕು. ವಿಳಾಸಗಳು ಎಲ್ಲಿಂದ ಎಲ್ಲಿಗೆ ಬದಲಾದವು ಎಂಬ ಕೋಷ್ಟಕವನ್ನು ಅದು ಒದಗಿಸುವುದರಿಂದ, ಅದನ್ನು ಅವಲಂಬಿಸಿ ಬರೆದ ಹಲವು ಡಿಎಲ್‌ಎಲ್‌ಗಳು ಸಣ್ಣ ಅಪ್‌ಡೇಟ್‌ಗಳನ್ನು ತಾಳಿಕೊಳ್ಳುತ್ತವೆ. ಆದರೂ ಇದಕ್ಕೊಂದು ಮಿತಿಯಿದೆ. 1.6.629ರಲ್ಲಿ ಆದಂತೆ ಆಟದ ಒಳಗಿನ ದತ್ತಾಂಶ ರಚನೆಯೇ ಬದಲಾದರೆ, ವಿಳಾಸ ಸರಿಯಿದ್ದರೂ ಅಲ್ಲಿ ಸಿಗುವ ವಸ್ತು ಬೇರೆಯಾಗಿರುತ್ತದೆ.

ಒಂದು ಅಪ್‌ಡೇಟ್ ಬಂದಾಗ ನಿಜವಾಗಿ ಏನಾಗುತ್ತದೆ, ಹೇಗೆ ಸರಿಪಡಿಸಬೇಕು ಎಂಬುದನ್ನು ಉದಾಹರಣೆಯೊಂದಿಗೆ ತಿಳಿಸಬಹುದೇ?

2023ರ ಡಿಸೆಂಬರ್‌ನಲ್ಲಿ, ಆಟದೊಳಗಿನಿಂದಲೇ ಮಾಡ್‌ಗಳನ್ನು ಪಡೆಯುವ ಕ್ರಿಯೇಶನ್ಸ್ ವ್ಯವಸ್ಥೆಯೊಂದಿಗೆ 1.6.1130 ಆವೃತ್ತಿ ಬಂತು. ಅಲ್ಲಿಯವರೆಗೆ 1.6.640ರಲ್ಲಿ ಮಾಡ್‌ಗಳೊಂದಿಗೆ ಆಡುತ್ತಿದ್ದ ಒಬ್ಬ ಆಟಗಾರನನ್ನು ಕಲ್ಪಿಸಿಕೊಳ್ಳಿ. ಸ್ಟೀಮ್ ರಾತ್ರಿಯೇ ಅಪ್‌ಡೇಟ್ ಮುಗಿಸಿದೆ. ಬೆಳಿಗ್ಗೆ ಆತ ಆಟ ತೆರೆದಾಗ ಎಸ್‌ಕೆಎಸ್‌ಇ ತನಗೆ ಬೆಂಬಲವಿರುವುದಕ್ಕಿಂತ ಹೊಸ ಆಟವಿದೆ ಎಂದು ಹೇಳಿ ನಿಂತುಬಿಡುತ್ತದೆ. ಈ ಹಂತದಲ್ಲಿ ಹಲವರು ಸ್ಟೀಮ್‌ನ ಆಟದ ಗುಂಡಿಯನ್ನು ಒತ್ತಿ ಎಸ್‌ಕೆಎಸ್‌ಇ ಇಲ್ಲದೆಯೇ ಆಟ ಪ್ರವೇಶಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಟ ತೆರೆದುಕೊಳ್ಳುತ್ತದೆ, ಹಳೆಯ ಸೇವ್ ಕೂಡ ತೆರೆಯಬಹುದು, ಆದರೆ ಅಲ್ಲಿಂದ ಮುಂದೆ ಉಳಿಸಿದ ಪ್ರತಿಯಲ್ಲಿ ಎಸ್‌ಕೆಎಸ್‌ಇ ಮಾಡ್‌ಗಳ ಮಾಹಿತಿ ಇರುವುದಿಲ್ಲ.

ಮಾಡಬೇಕಾದ ಮೊದಲ ಕೆಲಸ ಸೇವ್‌ಗಳ ನಕಲು. ಎರಡನೆಯದು, ಹೊಸ ಆವೃತ್ತಿಗೆ ಹೊಂದುವ ಎಸ್‌ಕೆಎಸ್‌ಇ ಬಂದಿದೆಯೇ ಎಂದು ಅದರ ಅಧಿಕೃತ ತಾಣವಾದ `skse.silverlock.org`ನಲ್ಲಿ ನೋಡುವುದು. ಬಂದಿದ್ದರೆ ಅದನ್ನೂ ಅಡ್ರೆಸ್ ಲೈಬ್ರರಿಯನ್ನೂ ಬದಲಿಸಿ, ಆಟವನ್ನು ಮುಖ್ಯ ಮೆನುವಿನವರೆಗೆ ಮಾತ್ರ ತೆರೆದು ಮುಚ್ಚಿ, ಈ ದಾಖಲೆಯನ್ನು ನೋಟ್‌ಪ್ಯಾಡ್‌ನಲ್ಲಿ ಓದಬೇಕು:

```
Documents\My Games\Skyrim Special Edition\SKSE\skse64.log
```

ಅದರಲ್ಲಿ ಪ್ರತಿಯೊಂದು ಡಿಎಲ್‌ಎಲ್‌ಗೂ ಒಂದೊಂದು ಸಾಲಿದೆ. `loaded correctly` ಎಂದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬಹುದು. `disabled, incompatible with current version of the game` ಎಂದಿದ್ದರೆ ಆ ಫೈಲ್‌ನ ಹೆಸರನ್ನು ಬರೆದಿಟ್ಟುಕೊಂಡು, ಅದು ಯಾವ ಮಾಡ್‌ಗೆ ಸೇರಿದ್ದೆಂದು ಮಾಡ್ ಆರ್ಗನೈಸರ್‌ನ `Data` ಪಟ್ಟಿಯಲ್ಲಿ ಹುಡುಕಿ, ಆ ಮಾಡ್‌ನ ಪುಟಕ್ಕೆ ಹೋಗಿ ಹೊಸ ಫೈಲ್ ಇದೆಯೇ ಎಂದು ನೋಡಬೇಕು. ನಮ್ಮ ಆಟಗಾರನ ಪಟ್ಟಿಯಲ್ಲಿ ಇಂತಹ ಐದು ಮಾಡ್‌ಗಳಿದ್ದು, ಮೂರಕ್ಕೆ ಹೊಸ ಫೈಲ್ ಸಿಕ್ಕಿ ಎರಡಕ್ಕೆ ಸಿಗಲಿಲ್ಲವೆಂದಾದರೆ, ಆತ ತೀರ್ಮಾನಿಸಬೇಕಾದ ಪ್ರಶ್ನೆ ಇಷ್ಟೆ: ಆ ಎರಡು ಮಾಡ್‌ಗಳಿಲ್ಲದೆ ಈಗಿನ ಆಟವನ್ನು ಮುಂದುವರಿಸಲು ಸಾಧ್ಯವೇ? ಅವು ಕೇವಲ ಕ್ಯಾಮೆರಾ ಅಥವಾ ಮೆನುವಿನ ಸೌಲಭ್ಯಗಳಾಗಿದ್ದರೆ ಸಾಧ್ಯ. ಹೋರಾಟದ ಇಡೀ ವ್ಯವಸ್ಥೆಯನ್ನೇ ಬದಲಿಸಿದ ಮಾಡ್ ಆಗಿದ್ದರೆ ಕಾಯುವುದು ಅಥವಾ ಹಳೆಯ ಆವೃತ್ತಿಗೆ ಮರಳುವುದು ಲೇಸು.

ಇದೇ ಅಪ್‌ಡೇಟ್‌ನ ಇನ್ನೊಂದು ಪರಿಣಾಮ ಹಿಂದೆಯೇ ಉಳಿದವರಿಗೆ ತಟ್ಟಿತು. ಮಾಡ್ ತಯಾರಿಸುವ ಅಧಿಕೃತ ಉಪಕರಣವಾದ ಕ್ರಿಯೇಶನ್ ಕಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ಲಗಿನ್‌ಗಳಿಗೆ, ಅಂದರೆ `.esp`ಯಂತಹ ಮಾಡ್ ಫೈಲ್‌ಗಳಿಗೆ, 1.71 ಎಂಬ ಹೊಸ ಗುರುತು ಇರುವುದರಿಂದ, ಹಳೆಯ ಆವೃತ್ತಿಯ ಆಟ ಅವುಗಳನ್ನು ಸರಿಯಾಗಿ ಓದಲಾರದು. ಹಳೆಯ ಆಟದಲ್ಲಿ ಇವುಗಳನ್ನು ಬಳಸಲು ಬೀಸ್ ಎಂದು ಕರೆಯುವ ಚಿಕ್ಕ ಎಸ್‌ಕೆಎಸ್‌ಇ ಮಾಡ್ ಇದೆ, 1.6.1130ಕ್ಕಿಂತ ಹಿಂದಿನ ಆವೃತ್ತಿ ಇಟ್ಟುಕೊಂಡವರಿಗೆ ಇದು ಅನಿವಾರ್ಯವೆಂದೇ ಹೇಳಬಹುದು.

ಸ್ಟೀಮ್ ನನ್ನನ್ನು ಕೇಳದೆ ಅಪ್‌ಡೇಟ್ ಮಾಡದಂತೆ ತಡೆಯುವುದು ಹೇಗೆ?

ಸ್ಟೀಮ್‌ನಲ್ಲಿ ಆಟದ `Properties` ಒಳಗೆ `Updates` ಭಾಗದಲ್ಲಿ, ಆಟ ಆರಂಭಿಸುವಾಗ ಮಾತ್ರ ಅಪ್‌ಡೇಟ್ ಮಾಡುವ ಆಯ್ಕೆಯಿದೆ. ಅದನ್ನು ಆರಿಸಿ, ಆಟವನ್ನು ಸ್ಟೀಮ್‌ನ ಗುಂಡಿಯಿಂದ ತೆರೆಯದೆ ಸದಾ ಮಾಡ್ ಆರ್ಗನೈಸರ್‌ನಿಂದ `skse64_loader.exe` ಮೂಲಕ ತೆರೆದರೆ ಸಾಮಾನ್ಯವಾಗಿ ಅಪ್‌ಡೇಟ್ ಬರುವುದಿಲ್ಲ. ಆದರೆ ಇದು ಗಟ್ಟಿಯಾದ ಬೀಗವಲ್ಲ. ಅಭ್ಯಾಸಬಲದಿಂದ ಒಮ್ಮೆ ಸ್ಟೀಮ್‌ನ ಗುಂಡಿ ಒತ್ತಿದರೂ ಸಾಕು, ಅಪ್‌ಡೇಟ್ ಆರಂಭವಾಗುತ್ತದೆ.

ಹೆಚ್ಚು ಭದ್ರವಾದ ಉಪಾಯವೆಂದರೆ ಆಟದ ಫೋಲ್ಡರ್‌ನ ಪೂರ್ಣ ನಕಲನ್ನು ಸ್ಟೀಮ್ ಲೈಬ್ರರಿಯ ಹೊರಗೆ, ಉದಾಹರಣೆಗೆ `D:\SkyrimModded` ಎಂಬಲ್ಲಿ ಇಟ್ಟುಕೊಳ್ಳುವುದು. ಮಾಡ್ ಆರ್ಗನೈಸರ್‌ನಲ್ಲಿ ಎಲ್ಲವನ್ನೂ ತನ್ನ ಫೋಲ್ಡರ್‌ನೊಳಗೇ ಇಟ್ಟುಕೊಳ್ಳುವ ಹೊಸ ಪೋರ್ಟಬಲ್ ಇನ್‌ಸ್ಟನ್ಸ್ ರಚಿಸುವಾಗ ಆಟದ ಸ್ಥಳವಾಗಿ ಈ ನಕಲನ್ನೇ ತೋರಿಸಿ, ಎಸ್‌ಕೆಎಸ್‌ಇಯ ಫೈಲ್‌ಗಳನ್ನೂ ಇಲ್ಲಿಯೇ ಹಾಕಬೇಕು. ಸ್ಟೀಮ್ ತನ್ನ ಬಳಿಯಿರುವ ಪ್ರತಿಯನ್ನು ಎಷ್ಟು ಬಾರಿ ಅಪ್‌ಡೇಟ್ ಮಾಡಿದರೂ ಈ ನಕಲಿಗೆ ಏನೂ ಆಗುವುದಿಲ್ಲ. ಆಡುವಾಗ ಸ್ಟೀಮ್ ಚಾಲನೆಯಲ್ಲಿ ಇರಬೇಕಾದ್ದು ಹಿಂದಿನಂತೆಯೇ. ಮೂಲ ಆಟಕ್ಕೆ ಅಧಿಕೃತವಾಗಿ ಕೇಳುವ ಜಾಗ 12 ಜಿಬಿ, ಆನಿವರ್ಸರಿ ವಸ್ತುಗಳಿದ್ದರೆ ಇನ್ನಷ್ಟು. ಟೆಕ್ಸ್‌ಚರ್‌ಗಳಿಗೆ ನೂರು ಜಿಬಿ ಕೊಡುವವರು ಇದಕ್ಕೆ ಅಷ್ಟು ಜಾಗ ಕೊಡಲು ಹಿಂಜರಿಯಬಾರದು.

ಈಗಾಗಲೇ ಅಪ್‌ಡೇಟ್ ಆಗಿಬಿಟ್ಟಿದೆ. ಹಳೆಯ ಆವೃತ್ತಿಗೆ ಮರಳಬಹುದೇ?

ಮರಳಬಹುದು. ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ `steam://open/console` ಎಂದು ಬರೆದರೆ ಸ್ಟೀಮ್‌ನ ಕನ್ಸೋಲ್ ತೆರೆಯುತ್ತದೆ. ಅಲ್ಲಿ `download_depot` ಎಂಬ ಆದೇಶಕ್ಕೆ ಆಟದ ಸಂಖ್ಯೆಯಾದ 489830, ಬೇಕಾದ ಡಿಪೋದ, ಅಂದರೆ ಆಟದ ಫೈಲ್‌ಗಳ ಗುಂಪಿನ ಸಂಖ್ಯೆ, ಹಳೆಯ ಆವೃತ್ತಿಯ ಫೈಲ್ ಪಟ್ಟಿಯಾದ ಮ್ಯಾನಿಫೆಸ್ಟ್‌ನ ಸಂಖ್ಯೆ ಇವುಗಳನ್ನು ಕೊಟ್ಟರೆ, ನೀವು ಖರೀದಿಸಿದ ಆಟದ ಹಳೆಯ ಫೈಲ್‌ಗಳು ನಿಮ್ಮದೇ ಖಾತೆಯ ಮೂಲಕ `steamapps\content` ಒಳಗೆ ಬಂದಿಳಿಯುತ್ತವೆ. ಹೊಸ ಪ್ರತಿಯಿಂದ ಹಳೆಯದನ್ನು ತಯಾರಿಸುವ ಪ್ಯಾಚರ್‌ಗಳೂ ನೆಕ್ಸಸ್ ಮಾಡ್ಸ್ ತಾಣದಲ್ಲಿವೆ. ಯಾರೋ ಹಂಚಿಕೊಂಡ ಹಳೆಯ `SkyrimSE.exe` ಅನ್ನು ಮಾತ್ರ ಎಂದಿಗೂ ತೆಗೆದುಕೊಳ್ಳಬೇಡಿ; ಕಾನೂನಿನ ಪ್ರಶ್ನೆ ಒಂದು ಕಡೆಗಿರಲಿ, ಅದರೊಳಗೆ ಇನ್ನೇನಿದೆ ಎಂದು ನಿಮಗೆ ತಿಳಿಯುವ ಬಗೆಯಿಲ್ಲ.

ಸೇವ್ ಫೈಲ್‌ಗಳನ್ನು ಹೇಗೆ ಕಾಪಾಡಿಕೊಳ್ಳಬೇಕು?

ಸೇವ್‌ಗಳು ಸಾಮಾನ್ಯವಾಗಿ `Documents\My Games\Skyrim Special Edition\Saves` ಒಳಗಿರುತ್ತವೆ. ಪ್ರತಿ ಸೇವ್‌ಗೆ `.ess` ಮತ್ತು `.skse` ಎಂದು ಮುಗಿಯುವ ಎರಡು ಫೈಲ್‌ಗಳಿದ್ದು, ನಕಲಿಸುವಾಗ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕು. ಒನ್‌ಡ್ರೈವ್ ಈ ಡಾಕ್ಯುಮೆಂಟ್ಸ್ ಫೋಲ್ಡರ್ ಅನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದರೆ, ಆಟ ಬರೆಯುತ್ತಿರುವಾಗಲೇ ಅದು ಫೈಲ್ ಅನ್ನು ಹಿಡಿದುಕೊಂಡು ತೊಂದರೆ ಕೊಡಬಹುದಾದ್ದರಿಂದ, ಆ ಫೋಲ್ಡರ್‌ನ ಬ್ಯಾಕಪ್ ನಿಲ್ಲಿಸುವುದು ಒಳ್ಳೆಯದು. ಮಾಡ್ ಆರ್ಗನೈಸರ್‌ನ `profiles` ಫೋಲ್ಡರ್ ಅನ್ನೂ ನಕಲಿಸಿಡಿ. ಯಾವ ಮಾಡ್ ಯಾವ ಕ್ರಮದಲ್ಲಿತ್ತು ಎಂಬುದು ಅದರೊಳಗಿನ `modlist.txt` ಮತ್ತು `plugins.txt` ಎಂಬ ಚಿಕ್ಕ ಫೈಲ್‌ಗಳಲ್ಲಿರುತ್ತದೆ.

ಸ್ಕ್ರಿಪ್ಟ್ ಇರುವ ಮಾಡ್ ಅನ್ನು ನಡುವೆ ತೆಗೆದುಹಾಕಿದರೆ ಅದರ ತುಣುಕುಗಳು ಸೇವ್‌ನೊಳಗೆ ಉಳಿದುಬಿಡುತ್ತವೆ. ಕೆಲವೊಮ್ಮೆ ಏನೂ ಆಗುವುದಿಲ್ಲ, ಕೆಲವೊಮ್ಮೆ ಹತ್ತಾರು ಗಂಟೆಗಳ ನಂತರ ಸೇವ್ ತೆರೆಯುವುದನ್ನೇ ನಿಲ್ಲಿಸುತ್ತದೆ. ತೆಗೆಯಲೇಬೇಕೆಂದಾದರೆ, ಅದನ್ನು ಸೇರಿಸುವ ಮೊದಲಿನ ಸೇವ್‌ಗೆ ಹಿಂದಿರುಗುವುದೇ ನಂಬಬಹುದಾದ ದಾರಿ.

ಮಾಡ್ ಬಳಸಿದರೆ ನನ್ನ ಸ್ಟೀಮ್ ಖಾತೆ ನಿಷೇಧವಾಗುತ್ತದೆಯೇ?

ಸ್ಕೈರಿಮ್ ಒಬ್ಬರೇ ಆಡುವ ಆಟ, ಅದರಲ್ಲಿ ವಿಎಸಿ ಎಂಬ ಸ್ಟೀಮ್‌ನ ಮೋಸತಡೆ ವ್ಯವಸ್ಥೆ ಇಲ್ಲ. ಆದ್ದರಿಂದ ಎಸ್‌ಕೆಎಸ್‌ಇ ಬಳಸಿದ್ದಕ್ಕೆ ಖಾತೆಗೆ ತೊಂದರೆಯಿಲ್ಲ. ಆನ್‌ಲೈನ್ ಭಾಗವಿರುವ ಆಟಗಳಲ್ಲಿ ಇದೇ ಭರವಸೆ ಇಟ್ಟುಕೊಳ್ಳಬಾರದು. ಜಿಟಿಎ 5ರಲ್ಲಿ ಒಬ್ಬರೇ ಆಡುವ ಕತೆಗೆ ಮಾಡ್‌ಗಳನ್ನು ಹಾಕುವವರು ಬಹಳ, ಆದರೆ ಅದೇ ಫೋಲ್ಡರ್‌ನಿಂದ ಜಿಟಿಎ ಆನ್‌ಲೈನ್ ಪ್ರವೇಶಿಸುವುದು ನಿಷೇಧಕ್ಕೆ ಆಹ್ವಾನ. 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಬ್ಯಾಟಲ್‌ಐ ಎಂಬ ಮೋಸತಡೆ ವ್ಯವಸ್ಥೆಯೂ ಇದೆ. ಎರಡನ್ನೂ ಆಡುವವರು ಮಾಡ್ ಹಾಕಿದ ಪ್ರತಿಯನ್ನೇ ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಲಿ. ವಿಎಸಿ ಇರುವ ಆಟದಲ್ಲಿ ಬಿದ್ದ ನಿಷೇಧ ಶಾಶ್ವತವೆಂಬುದು ನೆನಪಿರಲಿ.

ಮಾಡ್‌ಗಳ ಮೂಲಕ ಖಾತೆ ಕಳುವಾಗುವುದು ಸಾಧ್ಯವೇ?

ಸಾಧ್ಯ, ಹಾಗೆ ಆಗಿಯೂ ಇದೆ. 2015ರ ಮೇ ತಿಂಗಳಲ್ಲಿ ಜಿಟಿಎ 5ರ ಎರಡು ಮಾಡ್‌ಗಳಲ್ಲಿ ಕೀಲಿಮಣೆಯ ಒತ್ತುಗಳನ್ನು ಕದ್ದು ದಾಖಲಿಸುವ ತಂತ್ರಾಂಶ ಪತ್ತೆಯಾಯಿತು. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. ಫ್ರಾಕ್ಚರೈಸರ್ ಎಂದು ಹೆಸರಿಸಲಾದ ದುರುದ್ದೇಶದ ತಂತ್ರಾಂಶ, ಕರ್ಸ್‌ಫೋರ್ಜ್ ಮತ್ತು ಬುಕಿಟ್ ತಾಣಗಳಲ್ಲಿದ್ದ ಕೆಲವು ಖಾತೆಗಳ ಮೂಲಕ ಮಾಡ್‌ಗಳೊಳಗೆ ಸೇರಿಕೊಂಡಿತು. ಕಂಪ್ಯೂಟರಿನಲ್ಲಿದ್ದ ಇತರ `.jar` ಫೈಲ್‌ಗಳಿಗೂ ಹರಡುತ್ತ, ಬ್ರೌಸರ್‌ನ ಕುಕೀಗಳನ್ನೂ ಡಿಸ್ಕಾರ್ಡ್ ಮತ್ತು ಮೈಕ್ರೋಸಾಫ್ಟ್ ಖಾತೆಗಳ ಗುರುತುಗಳನ್ನೂ ಕದಿಯುವುದು ಅದರ ಉದ್ದೇಶವಾಗಿತ್ತು. ಹೆಸರಾಂತ ತಾಣದಿಂದ, ಪರಿಚಿತ ಹೆಸರಿನ ಮಾಡ್ ಇಳಿಸಿಕೊಂಡೆ ಎಂಬ ಸಮಾಧಾನಕ್ಕೆ ಆಗ ಬೆಲೆಯಿರಲಿಲ್ಲ.

ಎಲ್ಲ ಮಾಡ್‌ಗಳೂ ಸಮಾನವಾಗಿ ಅಪಾಯಕಾರಿಯಲ್ಲ. ಸ್ಕೈರಿಮ್‌ನ `.dds` ಚಿತ್ರಗಳು, `.esp` ಪ್ಲಗಿನ್‌ಗಳು ಆಟ ಓದುವ ದತ್ತಾಂಶ. `.pex` ಸ್ಕ್ರಿಪ್ಟ್‌ಗಳು ಆಟದ ಒಳಗಿನ ಪರಿಸರದಲ್ಲಿ ನಡೆಯುತ್ತವೆ. ಆದರೆ `.dll` ಮತ್ತು `.exe` ಫೈಲ್‌ಗಳು ನಿಮ್ಮ ಕೈಯಲ್ಲಿರುವಷ್ಟೇ ಅಧಿಕಾರದಿಂದ ನಡೆಯುವ ಪ್ರೋಗ್ರಾಂಗಳು: ನೀವು ಓದಬಲ್ಲ ಯಾವ ಫೈಲ್ ಅನ್ನಾದರೂ ಅವು ಓದಬಲ್ಲವು. ಒಂದು ಉಡುಪಿನ ಮಾಡ್‌ನಲ್ಲಿ `.exe` ಇದ್ದರೆ, ಅಥವಾ ಇಳಿಸಿಕೊಂಡ ಕಡತ ಪಾಸ್‌ವರ್ಡ್ ಕೇಳಿದರೆ, ಅಲ್ಲಿಗೇ ನಿಲ್ಲಿಸಿ. ಪಾಸ್‌ವರ್ಡ್ ಹಾಕುವುದರ ಒಂದು ಉದ್ದೇಶವೇ ಆಂಟಿವೈರಸ್ ಒಳಗೆ ನೋಡದಂತೆ ತಡೆಯುವುದು.

ಡಿಎಲ್‌ಎಲ್ ಇರುವ ಮಾಡ್‌ಗಳಿಲ್ಲದೆ ಸ್ಕೈರಿಮ್ ಆಡುವುದೇ ಕಷ್ಟ. ಹಾಗಾದರೆ ಏನು ಮಾಡಬೇಕು?

ಹೊಸದಾಗಿ ಬಂದ ದಿನವೇ ಇಳಿಸಿಕೊಳ್ಳದೆ ಕೆಲವು ದಿನ ಕಾಯಿರಿ. ಮೂಲ ಸಂಕೇತವನ್ನು ಬಹಿರಂಗವಾಗಿ ಪ್ರಕಟಿಸಿರುವ, ಚರ್ಚೆಯ ಭಾಗದಲ್ಲಿ ನಿಜವಾದ ಬಳಕೆದಾರರ ಮಾತುಗಳಿರುವ ಮಾಡ್‌ಗಳಿಗೆ ಆದ್ಯತೆ ಕೊಡಿ. ಬಹಳ ಕಾಲ ಸುಮ್ಮನಿದ್ದ ಕರ್ತೃವಿನ ಖಾತೆಯಿಂದ ವಿವರಣೆಯಿಲ್ಲದೆ ಒಮ್ಮೆಲೇ ಹೊಸ ಫೈಲ್ ಬಂದರೆ ಸಂಶಯಪಡಿ. ವೈರಸ್‌ಟೋಟಲ್ ತಾಣದಲ್ಲಿ ಪರೀಕ್ಷಿಸಿದಾಗ ಹತ್ತಾರು ಪರೀಕ್ಷಕಗಳಲ್ಲಿ ಒಂದೆರಡು ಮಾತ್ರ ಅಸ್ಪಷ್ಟ ಹೆಸರಿನಿಂದ ಎಚ್ಚರಿಸಿದರೆ ಅದು ತಪ್ಪು ಎಚ್ಚರಿಕೆಯಾಗಿರಬಹುದು. ಆದರೆ ಎಲ್ಲವೂ ಶುದ್ಧವೆಂದು ಬಂದರೂ ಅದು ಖಾತರಿಯಲ್ಲ, ಏಕೆಂದರೆ ಹೊಚ್ಚ ಹೊಸ ದುರ್ತಂತ್ರಾಂಶ ಮೊದಲ ದಿನಗಳಲ್ಲಿ ಅವುಗಳ ಕಣ್ಣಿಗೆ ಬೀಳದೆ ಹೋಗುವುದುಂಟು. ಯಾವುದೇ ಮಾಡ್‌ನ ಸೂಚನೆಯಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಅನ್ನು ಪೂರ್ತಿ ಆರಿಸಿ ಎಂದಿದ್ದರೆ ಆ ಮಾಡ್ ನಿಮಗೆ ಬೇಡ.

ಸ್ಟೀಮ್ ಗಾರ್ಡ್ ಹಾಕಿಕೊಂಡಿದ್ದೇನೆ. ಆದರೂ ಅಪಾಯವಿದೆಯೇ?

ಇದೆ. ಎರಡನೇ ಹಂತದ ಪರಿಶೀಲನೆ ಕೇಳುವುದು ಲಾಗಿನ್ ಆಗುವಾಗ. ಈಗಾಗಲೇ ಲಾಗಿನ್ ಆಗಿರುವ ಗುರುತನ್ನೇ, ಅಂದರೆ ಬ್ರೌಸರ್ ಅಥವಾ ಸ್ಟೀಮ್ ಉಳಿಸಿಕೊಂಡಿರುವ ಟೋಕನ್ ಅನ್ನೇ ಕದ್ದೊಯ್ದರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಕೋಡೂ ಬೇಡ. ಗಾರ್ಡ್ ಅಗತ್ಯವೇ, ಆದರೆ ಈ ಬಗೆಯ ಕಳವಿಗೆ ಅದೊಂದೇ ತಡೆಯಾಗದು. ಬ್ಯಾಂಕ್ ವ್ಯವಹಾರಕ್ಕೂ ಮಾಡ್‌ಗಳಿಗೂ ವಿಂಡೋಸ್‌ನಲ್ಲಿ ಬೇರೆ ಬೇರೆ ಬಳಕೆದಾರ ಖಾತೆಗಳನ್ನು ಇಟ್ಟುಕೊಳ್ಳುವುದು ಸ್ವಲ್ಪ ತೊಡಕಿನ ಕೆಲಸವಾದರೂ, ಆಟದ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡದಿದ್ದಲ್ಲಿ ಬಹಳಷ್ಟು ನಷ್ಟವನ್ನು ತಪ್ಪಿಸುತ್ತದೆ.

ಕೆಟ್ಟ ಮಾಡ್ ಒಂದನ್ನು ಈಗಾಗಲೇ ನಡೆಸಿಬಿಟ್ಟಿದ್ದೇನೆ ಎಂಬ ಅನುಮಾನವಿದೆ. ಯಾವ ಕ್ರಮದಲ್ಲಿ ಏನು ಮಾಡಬೇಕು?

ಮೊದಲು ಆ ಕಂಪ್ಯೂಟರನ್ನು ಅಂತರ್ಜಾಲದಿಂದ ಕಡಿದುಹಾಕಿ. ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಫೋನ್‌ನಂತಹ ಬೇರೆ ಸಾಧನದಿಂದಲೇ ಆರಂಭಿಸಿ. ಸೋಂಕಿತ ಯಂತ್ರದಲ್ಲಿ ಬರೆದ ಹೊಸ ಪಾಸ್‌ವರ್ಡ್ ಕೂಡ ಕಳ್ಳನಿಗೆ ತಲುಪುತ್ತದೆ. ಮೊದಲ ಸರದಿ ಇಮೇಲ್‌ನದು, ಏಕೆಂದರೆ ಉಳಿದೆಲ್ಲ ಖಾತೆಗಳನ್ನು ಮರಳಿ ಪಡೆಯುವ ದಾರಿ ಅದರ ಮೂಲಕವೇ ಇದೆ. ಆಮೇಲೆ ಸ್ಟೀಮ್, ಡಿಸ್ಕಾರ್ಡ್ ಮತ್ತು ನೆಕ್ಸಸ್ ಖಾತೆಗಳು. ಪ್ರತಿಯೊಂದರಲ್ಲೂ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನೂ ಬಳಸಬೇಕು, ಇಲ್ಲದಿದ್ದರೆ ಕದ್ದ ಟೋಕನ್ ಜೀವಂತವಾಗಿಯೇ ಉಳಿಯಬಹುದು. ಸ್ಟೀಮ್‌ನಲ್ಲಿ ನೀವು ಕೇಳದೆಯೇ ವೆಬ್ ಎಪಿಐ ಕೀ, ಅಂದರೆ ಬೇರೆ ಪ್ರೋಗ್ರಾಂಗಳು ನಿಮ್ಮ ಖಾತೆಯೊಂದಿಗೆ ವ್ಯವಹರಿಸಲು ಬಳಸುವ ಕೀಲಿ ರಚನೆಯಾಗಿದೆಯೇ ಎಂದು ನೋಡಿ, ಇದ್ದರೆ ಅದನ್ನು ರದ್ದುಪಡಿಸಿ. ವಸ್ತು ವಿನಿಮಯದ ಕೋರಿಕೆಗಳನ್ನು ನಡುವೆಯೇ ಬದಲಿಸಿ ಮೋಸಗೊಳಿಸಲು ಅದನ್ನು ಬಳಸುತ್ತಾರೆ.

ಕಂಪ್ಯೂಟರಿನ ಮಟ್ಟಿಗೆ, ಆಂಟಿವೈರಸ್ ಒಂದನ್ನು ಓಡಿಸಿ ಸುಮ್ಮನಾಗುವುದಕ್ಕಿಂತ ವಿಂಡೋಸ್ ಅನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವುದು ನಿಶ್ಚಿಂತೆ. ಸೇವ್‌ಗಳು, `profiles` ಫೋಲ್ಡರ್ ಮತ್ತು ಟೆಕ್ಸ್‌ಚರ್‌ಗಳನ್ನು ಉಳಿಸಿಕೊಳ್ಳಬಹುದು. `.dll`, `.exe`, `.jar` ಫೈಲ್‌ಗಳನ್ನು ಮಾತ್ರ ಹಳೆಯ ಡಿಸ್ಕ್‌ನಿಂದ ತರದೆ ಮೂಲ ತಾಣಗಳಿಂದ ಮತ್ತೆ ಇಳಿಸಿಕೊಳ್ಳಬೇಕು. ಬ್ಯಾಂಕ್ ಅಥವಾ ಯುಪಿಐ ಮೂಲಕ ಹಣ ಹೋಗಿದ್ದರೆ, ಭಾರತದಲ್ಲಿರುವವರು ತಮ್ಮ ಬ್ಯಾಂಕ್‌ಗೆ ತಿಳಿಸುವುದರ ಜೊತೆಗೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, `cybercrime.gov.in` ತಾಣದಲ್ಲಿ ದೂರು ದಾಖಲಿಸಬೇಕು.